ವಿನಾಯಿತಿ ಕೋರಿ

ಚುನಾವಣೆ ಘೋಷಣೆಯಾದ ಮರುವಾರ ಮುಂಬಯಿಯ ಸರ್ಕಾರಿ ಕಛೇರಿಗಳಲ್ಲಿ ಎರಡು ಬಗೆಯ ಕಾಗದಗಳು ಓಡಾಡತೊಡಗುತ್ತವೆ. ಒಂದು, ಜಿಲ್ಲಾ ಚುನಾವಣಾಧಿಕಾರಿಯ ಕಛೇರಿಯಿಂದ ಕಟ್ಟುಕಟ್ಟಾಗಿ ಬರುವ ನೇಮಕಾತಿ ಆದೇಶಗಳು. ಇನ್ನೊಂದು, ಆ ಆದೇಶಗಳು ಕೈಸೇರಿದ ಅರ್ಧ ಗಂಟೆಯೊಳಗೆ ಹುಟ್ಟಿಕೊಳ್ಳುವ ವಿನಾಯಿತಿ ಅರ್ಜಿಗಳು. ಸಿಬ್ಬಂದಿ ಶಾಖೆಯಲ್ಲಿ ಬಹಳ ವರ್ಷ ಕಳೆದವನಾದ್ದರಿಂದ ಈ ಎರಡನೆಯ ಬಗೆಯ ಕಾಗದಗಳನ್ನು ನಾನು ನೂರಾರು ನೋಡಿದ್ದೇನೆ. ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ನನಗೆ ರಕ್ತದೊತ್ತಡವಿದೆ, ಸಕ್ಕರೆ ಕಾಯಿಲೆಯಿದೆ, ಸೊಂಟನೋವಿದೆ, ಆದ್ದರಿಂದ ದಯಮಾಡಿ ಬಿಡುಗಡೆ ಮಾಡಬೇಕು. ಬಹುಪಾಲಿನ ಹಣೆಬರಹವೂ ಒಂದೇ: ತಿರಸ್ಕೃತ.

ತಿರಸ್ಕರಿಸುವವರನ್ನು ಕಠಿಣಹೃದಯಿಗಳೆಂದು ಬಯ್ಯುವುದು ಸುಲಭ. ಆದರೆ ಐವತ್ತು ದಾಟಿದ ಮುಂಬಯಿ ನೌಕರರಲ್ಲಿ ಈ ಮೂರರಲ್ಲಿ ಒಂದಾದರೂ ಇಲ್ಲದವರು ಎಷ್ಟು ಮಂದಿ? ಕಾಯಿಲೆಯ ಹೆಸರನ್ನಷ್ಟೇ ಕಾರಣವೆಂದು ಒಪ್ಪಿದರೆ ಮತಗಟ್ಟೆಗೆ ಹೋಗಲು ಯಾರೂ ಉಳಿಯುವುದಿಲ್ಲ. ಹಾಗಾಗಿ ಅರ್ಜಿ ಓದುವ ಅಧಿಕಾರಿ ಅದರಲ್ಲಿ ಹುಡುಕುವುದು ಕಾಯಿಲೆಯ ಹೆಸರನ್ನಲ್ಲ. ಈ ಕಾಯಿಲೆಯುಳ್ಳ ಈ ವ್ಯಕ್ತಿ ಈ ಕೆಲಸವನ್ನು ಮಾಡಿದರೆ ಏನಾಗುತ್ತದೆ ಎಂಬ ಒಂದು ವಾಕ್ಯವನ್ನು. ಆ ವಾಕ್ಯ ಇರುವ ಅರ್ಜಿ ಅಪರೂಪ. ಅಂಥದೊಂದು ಅರ್ಜಿ ಹೇಗೆ ಸಿದ್ಧವಾಯಿತು, ಅದರ ಒಂದೊಂದು ಸಾಲಿಗೂ ಏಕೆ ತೂಕವಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊರನಾಡಿನಲ್ಲಿ ನಮ್ಮವರನೇಕರು ಇಂಥ ಕಛೇರಿಗಳಲ್ಲೇ ಬಾಳು ಸವೆಸಿದವರು. ಅವರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಕಾನೂನಿನ ಮಾತು, ಸಂಕ್ಷೇಪವಾಗಿ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 26ನೆಯ ಪ್ರಕರಣದಂತೆ ಮತಗಟ್ಟೆಯ ಅಧ್ಯಕ್ಷಾಧಿಕಾರಿಯನ್ನೂ ಮತಗಟ್ಟೆ ಅಧಿಕಾರಿಗಳನ್ನೂ ನೇಮಿಸುವವರು ಜಿಲ್ಲಾ ಚುನಾವಣಾಧಿಕಾರಿ. 28-ಎ ಪ್ರಕರಣದಂತೆ, ಹಾಗೆ ನೇಮಕಗೊಂಡವರು ಫಲಿತಾಂಶ ಪ್ರಕಟವಾಗುವವರೆಗೆ ಚುನಾವಣಾ ಆಯೋಗಕ್ಕೆ ನಿಯೋಜಿತರಾದಂತೆ. ಅಷ್ಟು ಕಾಲ ಅವರ ಮೇಲಿನ ಹತೋಟಿ, ಮೇಲ್ವಿಚಾರಣೆ, ಶಿಸ್ತು ಎಲ್ಲವೂ ಆಯೋಗದ್ದು. ಇದರ ಅರ್ಥ ಸ್ಪಷ್ಟ. ಹತ್ತು ವರ್ಷ ನಿಮ್ಮ ರಜೆಯ ಚೀಟಿಗೆ ರುಜು ಹಾಕಿದ ನಿಮ್ಮ ಮೇಲಧಿಕಾರಿಗೆ ಈ ಒಂದು ಕೆಲಸದಿಂದ ನಿಮ್ಮನ್ನು ಬಿಡಿಸುವ ಅಧಿಕಾರವಿಲ್ಲ. ಅವರು ನಿಮ್ಮ ಅರ್ಜಿಯನ್ನು ಮುಂದಕ್ಕೆ ಕಳಿಸಬಲ್ಲರು, ಅಷ್ಟೇ. “ಸಾಹೇಬರು ಹೂಂ ಅಂದಿದ್ದಾರೆ” ಎಂದು ತರಬೇತಿಗೆ ಹೋಗದೆ ಮನೆಯಲ್ಲಿ ಕುಳಿತವರಿಗೆ ಕಾರಣ ಕೇಳುವ ನೋಟಿಸು ಬಂದದ್ದನ್ನು ನಾನು ಕಂಡಿದ್ದೇನೆ.

ಇನ್ನೊಂದು ಪ್ರಕರಣ 134. ಚುನಾವಣಾ ಕರ್ತವ್ಯದಲ್ಲಿರುವವನು ಸಕಾರಣವಿಲ್ಲದೆ ಕರ್ತವ್ಯಲೋಪ ಮಾಡಿದರೆ 500 ರೂಪಾಯಿಯವರೆಗೆ ದಂಡ. ಮೊತ್ತ ನೋಡಿ ನಗುವವರಿದ್ದಾರೆ. ಆದರೆ ಅದು ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದಾದ ಅಪರಾಧ, ಅದರ ಹಿಂದೆಯೇ ಇಲಾಖಾ ವಿಚಾರಣೆಯೂ ಬರಬಹುದು. ಮತದಾರರ ಪಟ್ಟಿಯ ಕೆಲಸಕ್ಕೆ ನೇಮಕವಾದವರ ಮೇಲಿರುವುದು 1950ರ ಕಾಯ್ದೆಯ 32ನೆಯ ಪ್ರಕರಣ. ಅಲ್ಲಿ ಮೂರು ತಿಂಗಳಿಗೆ ಕಡಿಮೆಯಿಲ್ಲದ ಸೆರೆವಾಸದ ಮಾತೇ ಇದೆ. ಎರಡೂ ಕಡೆ ‘ಸಕಾರಣವಿಲ್ಲದೆ’ ಎಂಬ ಪದವಿದೆ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಆ ಪದದಲ್ಲಿದೆ. ವಿನಾಯಿತಿ ಅರ್ಜಿಯೆಂದರೆ ಕರುಣೆ ಬೇಡುವ ಪತ್ರವಲ್ಲ; ಸಕಾರಣವೊಂದು ಇದೆಯೆಂದು ಕಾಲಕ್ಕೆ ಮುಂಚೆ ದಾಖಲೆಗೆ ಸೇರಿಸುವ ಕಾಗದ.

2024ರ ಅಕ್ಟೋಬರ್ 15ರಂದು ಮಹಾರಾಷ್ಟ್ರ ವಿಧಾನಸಭೆಯ ಚುನಾವಣೆ ಘೋಷಣೆಯಾಯಿತು. ಮತದಾನ ನವೆಂಬರ್ 20ರಂದು, ಒಂದೇ ಹಂತದಲ್ಲಿ. ಮುಂಬಯಿ ಶಹರ ಜಿಲ್ಲೆಯ 10, ಉಪನಗರ ಜಿಲ್ಲೆಯ 26, ಒಟ್ಟು 36 ಕ್ಷೇತ್ರಗಳು. ದೀಪಾವಳಿಗೆ ಇನ್ನೂ ವಾರವಿತ್ತು. ನಮ್ಮ ಕಛೇರಿಗೆ ಬಂದ ಕಟ್ಟಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಹೆಸರಿತ್ತು: ಅಧ್ಯಕ್ಷಾಧಿಕಾರಿ. ಮರಾಠಿಯಲ್ಲಿ ‘ಕೇಂದ್ರಾಧ್ಯಕ್ಷ’. ಧಾರವಾಡದ ಕಡೆಯವರು, ಐವತ್ತನಾಲ್ಕರ ಪ್ರಾಯ, ಡೊಂಬಿವಲಿಯಲ್ಲಿ ಮನೆ. ಅದಕ್ಕೆ ಮುಂಚೆ ಐದು ಚುನಾವಣೆಗಳಲ್ಲಿ ಕೆಲಸ ಮಾಡಿ ಒಮ್ಮೆಯೂ ತಕರಾರು ಎತ್ತದವರು. ಅಂಥವರು ಮಧ್ಯಾಹ್ನದ ಹೊತ್ತಿಗೆ ಒಂದು ಹಾಳೆ ಹಿಡಿದು ನನ್ನ ಮೇಜಿನ ಮುಂದೆ ನಿಂತಾಗ ಅಚ್ಚರಿಯಾಯಿತು.

ಹಾಳೆಯಲ್ಲಿ ಮೂರೇ ಸಾಲು. ಹನ್ನೊಂದು ವರ್ಷದಿಂದ ಮಧುಮೇಹವಿದೆ, ರಕ್ತದೊತ್ತಡವೂ ಇದೆ, ಕರ್ತವ್ಯದಿಂದ ಬಿಡುಗಡೆ ಮಾಡಬೇಕು.

“ಇದು ನಿಲ್ಲುವುದಿಲ್ಲ,” ಎಂದೆ. “ಹನ್ನೊಂದು ವರ್ಷದಲ್ಲಿ ಐದು ಸಲ ಹೋಗಿ ಬಂದಿದ್ದೀರಿ. ಈ ಸಲ ಏನು ಬದಲಾಗಿದೆ ಎಂದು ಕೇಳುತ್ತಾರೆ. ಏನು ಬದಲಾಗಿದೆ?”

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಸರ್, ಮ್ಯಾಲಿಂದ ಮ್ಯಾಲೆ ಸಕ್ಕರಿ ಇಳೀಲಿಕ್ಕೆ ಹತ್ತೇದ. ಎರಡು ಸಲ ದವಾಖಾನಿಗೆ ಹಾಕಿದ್ರು. ಒಮ್ಮೆ ರಾತ್ರಿ ಮಲಗಿದಲ್ಲೇ ಎಚ್ಚರ ತಪ್ಪಿತ್ತು. ಮನಿಯಾಕಿ ಇದ್ಲು ಅಂತ ಉಳಿದೆ.”

ಇದನ್ನು ಅವರು ಅರ್ಜಿಯಲ್ಲಿ ಬರೆದಿರಲಿಲ್ಲ. ಏಕೆ ಬರೆಯಲಿಲ್ಲವೆಂದರೆ, ಬರೆದದ್ದು ಕಡತಕ್ಕೆ ಸೇರುತ್ತದೆ. ಆ ವರ್ಷ ಅವರ ಬಡ್ತಿಯ ಸರದಿಯಿತ್ತು. ‘ಎಚ್ಚರ ತಪ್ಪುವವನು’ ಎಂಬ ಮಾತು ಕಛೇರಿಯಲ್ಲಿ ಹರಡಿದರೆ ಕೆಲಸದ ಮೇಲೆ ನೆರಳು ಬಿದ್ದೀತೆಂಬ ಭಯ. ವಿನಾಯಿತಿ ಅರ್ಜಿಗಳು ಬಡಕಲಾಗಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲವೆಂದು ನನಗೆ ತಿಳಿದದ್ದು ಆವತ್ತು. ನಿಜವಾಗಿ ಕಾಯಿಲೆಯಿರುವವನು ಅದನ್ನು ಮುಚ್ಚಿಡುತ್ತಾನೆ. ಇಲ್ಲದವನು ಧಾರಾಳವಾಗಿ ಬರೆಯುತ್ತಾನೆ. ಓದುವ ಅಧಿಕಾರಿಗೆ ಎರಡೂ ಅರ್ಜಿಗಳು ಒಂದೇ ಥರ ಕಾಣಿಸುತ್ತವೆ.

ಸಕ್ಕರೆ ಏರುವುದು ನಿಧಾನದ ಕೇಡು. ಇಳಿಯುವುದು ಗಂಟೆ-ನಿಮಿಷಗಳ ಕೇಡು. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾದರೆ, ಇಲ್ಲವೇ ದೇಹಕ್ಕೆ ದಣಿವು ಹೆಚ್ಚಾದರೆ, ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತದೆ. ಬೆವರು, ನಡುಕ ಶುರುವಾಗುತ್ತವೆ. 54ಕ್ಕಿಂತ ಕೆಳಗಿಳಿದರೆ ಮನಸ್ಸು ಮಸುಕಾಗುತ್ತದೆ. ಎದುರಿನವರು ಕೇಳಿದ್ದೊಂದು, ಇವರು ಹೇಳುವುದೊಂದು. ಕೂಡಲೇ ಸಿಹಿ ಕೊಡುವವರಿಲ್ಲದಿದ್ದರೆ ಎಚ್ಚರ ತಪ್ಪುತ್ತದೆ. ನಮ್ಮವರ ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಎರಡನೆಯ ಸಲ ದಾಖಲಾದಾಗಿನ ಅಂಕಿ 41 ಎಂದಿತ್ತು.

ಈಗ ಮತಗಟ್ಟೆಯ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮತದಾನದ ಹಿಂದಿನ ದಿನ ಬೆಳಿಗ್ಗೆ ವಿತರಣಾ ಕೇಂದ್ರಕ್ಕೆ ಹೋಗಬೇಕು. ನಿಮ್ಮ ಮತಗಟ್ಟೆ ಯಾವುದೆಂದು ಸಾಮಾನ್ಯವಾಗಿ ತಿಳಿಯುವುದೇ ಆಗ. ಮೊದಲ ಸಲ ಗಣಕಯಂತ್ರ ಚೀಟಿ ಎತ್ತಿದಂತೆ ಹೆಸರುಗಳನ್ನು ಆರಿಸುತ್ತದೆ, ಎರಡನೆಯ ಸಲ ತಂಡ ಕಟ್ಟಿ ಕ್ಷೇತ್ರ ಹಂಚುತ್ತದೆ, ಮೂರನೆಯ ಸಲ ಮತಗಟ್ಟೆಯನ್ನು. ಮತಯಂತ್ರ, ವಿವಿಪ್ಯಾಟ್, ಮೊಹರು, ನಮೂನೆಗಳ ಚೀಲ ಎಲ್ಲವನ್ನೂ ಎಣಿಸಿ ತೆಗೆದುಕೊಂಡು ಬಸ್ಸಿನಲ್ಲಿ ಮತಗಟ್ಟೆ ಸೇರಬೇಕು. ರಾತ್ರಿ ಸಾಮಾನ್ಯವಾಗಿ ಅಲ್ಲಿಯೇ, ಶಾಲೆಯ ಬೆಂಚಿನ ಮೇಲೋ ನೆಲದ ಮೇಲೋ. ಮುಂಜಾನೆ ಐದೂವರೆಗೆ ಅಣಕು ಮತದಾನ: ಪಕ್ಷಗಳ ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ, ಎಣಿಸಿ, ಅಳಿಸಿ, ಮೊಹರು ಮಾಡಬೇಕು. ಏಳಕ್ಕೆ ಮತದಾನ ಆರಂಭ, ಸಂಜೆ ಆರಕ್ಕೆ ಮುಕ್ತಾಯ. ಆರರ ಹೊತ್ತಿಗೆ ಸಾಲಿನಲ್ಲಿದ್ದವರಿಗೆಲ್ಲ ಅವಕಾಶ ಕೊಟ್ಟ ಮೇಲೆ. ಆಮೇಲೆ 17-ಸಿ ನಮೂನೆಯಲ್ಲಿ ಮತಗಳ ಲೆಕ್ಕ, ಅಧ್ಯಕ್ಷಾಧಿಕಾರಿಯ ದಿನಚರಿ, ಲಕೋಟೆಗಳು, ಮತ್ತೆ ಬಸ್ಸು, ಸ್ವೀಕಾರ ಕೇಂದ್ರದ ಸಾಲು. ಮನೆಯ ದಾರಿ ಹಿಡಿಯುವಾಗ ಮಧ್ಯರಾತ್ರಿ ಮೀರಿರುತ್ತದೆ. ಡೊಂಬಿವಲಿಯ ಕೊನೆಯ ಗಾಡಿ ಸಿಕ್ಕರೆ ಪುಣ್ಯ. ಒಟ್ಟು 36 ಗಂಟೆಗೂ ಮಿಕ್ಕ ಕೆಲಸ. ಮೂವರು ಮತಗಟ್ಟೆ ಅಧಿಕಾರಿಗಳು ಸರದಿಯಲ್ಲಿ ಎದ್ದು ಒಂದು ತುತ್ತು ತಿಂದು ಬಂದಾರು. ಅಧ್ಯಕ್ಷಾಧಿಕಾರಿ ತಕರಾರೆದ್ದಾಗ ಬಾಯಲ್ಲಿದ್ದ ತುತ್ತನ್ನೂ ಬಿಟ್ಟು ಏಳಬೇಕು. ಮತ ನಿಲ್ಲಿಸಬೇಕೆ, ಮುಂದುವರಿಸಬೇಕೆ ಎಂಬ ತೀರ್ಮಾನ ಅವರದು. ಆ ಗಳಿಗೆಯಲ್ಲಿ ಅವರ ಮನಸ್ಸು ಮಸುಕಾದರೆ ಕೆಡುವುದು ಅವರ ಆರೋಗ್ಯ ಮಾತ್ರವಲ್ಲ.

ಇಷ್ಟು ಪಕ್ಕಪಕ್ಕದಲ್ಲಿ ಬಂದ ಮೇಲೆ ಅರ್ಜಿ ಅರ್ಧ ಬರೆದಂತೆಯೇ ಆಯಿತು. ಉಳಿದದ್ದು ವೈದ್ಯರ ಪ್ರಮಾಣಪತ್ರ. ಅವರ ಬಳಿ ಮನೆಯ ಹತ್ತಿರದ ಡಾಕ್ಟರು ಕೊಟ್ಟ ಚೀಟಿಯೊಂದಿತ್ತು: ‘ಮಧುಮೇಹವಿದೆ, ವಿಶ್ರಾಂತಿ ಅಗತ್ಯ.’ ಇದು ಎರಡು ಕಡೆ ಸೋಲುತ್ತದೆ. ಖಾಸಗಿ ಚೀಟಿಗೆ ತೂಕ ಕಡಿಮೆ; ‘ವಿಶ್ರಾಂತಿ’ ಎಂದು ಬರೆಸಿಕೊಂಡವರು ದಿನಾ ಕಛೇರಿಗೆ ಬರುತ್ತಿದ್ದರೆ ಹಾಜರಿ ಪುಸ್ತಕವೇ ಅವರ ವಿರುದ್ಧ ಸಾಕ್ಷಿ. ಎರಡು ದಿನ ತಡವಾದರೂ ಸರಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಹಳೆಯ ಕೇಸ್ ಪೇಪರುಗಳನ್ನೆಲ್ಲ ತೋರಿಸಿ, ಮೂರು ಸಂಗತಿಗಳನ್ನು ಬರೆದುಕೊಡಲು ಕೇಳಿರೆಂದು ಹೇಳಿದೆ: ಏನಾಗಿದೆ ಮತ್ತು ಯಾವ ದಿನಾಂಕಗಳಂದು ಆಗಿದೆ, ಏನು ಮಾಡಬಾರದು, ಎಷ್ಟು ಕಾಲ. ಅವರು ತಂದ ಪ್ರಮಾಣಪತ್ರ ನಾಲ್ಕೇ ಸಾಲಿನದು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್; ಆರು ತಿಂಗಳಲ್ಲಿ ಎರಡು ಸಲ ಸಕ್ಕರೆ ತೀವ್ರವಾಗಿ ಇಳಿದು ಆಸ್ಪತ್ರೆ ವಾಸ; ಊಟ ತಪ್ಪಿಸಬಾರದು, ರಾತ್ರಿ ಒಂಟಿಯಾಗಿ ಇರಬಾರದು, ರಾತ್ರಿ ನಿದ್ದೆಗೆಡುವ ಕೆಲಸ ಬೇಡ; ಮೂರು ತಿಂಗಳ ಬಳಿಕ ಮರುಪರೀಕ್ಷೆ. ಹಗಲು ಕುಳಿತು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ ಎಂದೂ ವೈದ್ಯರು ಸೇರಿಸಿದ್ದರು. ನಮ್ಮವರಿಗೆ ಆ ಕೊನೆಯ ಸಾಲು ಹಿಡಿಸಲಿಲ್ಲ. ಅದರಿಂದ ಅರ್ಜಿ ಬಿದ್ದುಹೋದೀತೆಂದು ಅಂಜಿದರು. ನನಗೆ ಅನಿಸಿದ್ದು ಬೇರೆ. ಏನು ಮಾಡಲಾಗದೆಂಬುದರ ಜೊತೆಗೆ ಏನು ಮಾಡಬಹುದೆಂದೂ ಹೇಳುವ ಪ್ರಮಾಣಪತ್ರವನ್ನು ಯಾರೂ ಬರೆಸಿ ತಂದದ್ದೆಂದು ಅನುಮಾನಿಸುವುದಿಲ್ಲ.

ನಮ್ಮದು ರಾಜ್ಯ ಸರ್ಕಾರದ ಕಛೇರಿ. ಪತ್ರ ಮರಾಠಿಯಲ್ಲಿ ಹೋಯಿತು. ವಿಷಯದ ಸಾಲು ಹೀಗಿತ್ತು: ‘ವೈದ್ಯಕೀಯ ಕಾರಣಾಸ್ತವ ನಿವಡಣೂಕ ಕರ್ತವ್ಯಾತೂನ ಸೂಟ ಮಿಳಣೇಬಾಬತ.’ ಕನ್ನಡದ ಕಿವಿಗೆ ಇದರಲ್ಲಿ ಅಪರಿಚಿತವಾದದ್ದು ಬಹಳವಿಲ್ಲ. ನಮ್ಮ ‘ಉಲ್ಲೇಖ’ ಅಲ್ಲಿ ‘ಸಂದರ್ಭ’; ನಮ್ಮ ‘ಲಗತ್ತು’ ಅಲ್ಲಿ ‘ಸೋಬತ’; ‘ಮೂಲಕ’ ಎಂಬುದು ‘ಮಾರ್ಫತ’; ‘ಆವಕ’, ‘ಜಾವಕ’ಗಳು ಉತ್ತರ ಕರ್ನಾಟಕದ ಕಛೇರಿಗಳಲ್ಲಿ ನಮ್ಮವೇ. ಪತ್ರದ ತಿರುಳನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ; ಗುರುತು ತಿಳಿಯುವ ವಿವರಗಳನ್ನು ಬಿಟ್ಟಿದ್ದೇನೆ.

ಇವರಿಂದ: (ಹೆಸರು, ಹುದ್ದೆ, ಕಛೇರಿ, ನೌಕರರ ಸಂಖ್ಯೆ, ದೂರವಾಣಿ)

ಇವರಿಗೆ: ಮಾನ್ಯ ಜಿಲ್ಲಾ ಚುನಾವಣಾಧಿಕಾರಿಯವರು, ಮುಂಬಯಿ

ಮೂಲಕ: ಕಛೇರಿ ಮುಖ್ಯಸ್ಥರು

ದಿನಾಂಕ: 25 ಅಕ್ಟೋಬರ್ 2024

ವಿಷಯ: ವೈದ್ಯಕೀಯ ಕಾರಣದಿಂದ ಮತಗಟ್ಟೆ ಅಧ್ಯಕ್ಷಾಧಿಕಾರಿಯ ಕರ್ತವ್ಯದಿಂದ ವಿನಾಯಿತಿ ನೀಡುವ ಕುರಿತು

ಉಲ್ಲೇಖ: ತಮ್ಮ ನೇಮಕಾತಿ ಆದೇಶ ಸಂಖ್ಯೆ ……, ದಿನಾಂಕ ……

ಮಾನ್ಯರೇ,

1. ಉಲ್ಲೇಖಿತ ಆದೇಶದಂತೆ ನನ್ನನ್ನು ದಿನಾಂಕ 20-11-2024ರ ಮತದಾನಕ್ಕೆ ಅಧ್ಯಕ್ಷಾಧಿಕಾರಿಯಾಗಿ ನೇಮಿಸಲಾಗಿದೆ. ಆದೇಶವು ನನಗೆ ತಲುಪಿದೆ.

2. ನಾನು ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹ ರೋಗಿ. ಕಳೆದ ಆರು ತಿಂಗಳಲ್ಲಿ ಎರಡು ಬಾರಿ ರಕ್ತದ ಸಕ್ಕರೆ ತೀವ್ರವಾಗಿ ಇಳಿದು ಆಸ್ಪತ್ರೆಗೆ ದಾಖಲಾಗಿದ್ದೆ. ಒಂದು ಬಾರಿ ನಿದ್ರೆಯಲ್ಲಿ ಎಚ್ಚರ ತಪ್ಪಿತ್ತು.

3. ನಿಗದಿತ ಹೊತ್ತಿಗೆ ಊಟ ತಪ್ಪಿಸಬಾರದೆಂದೂ ರಾತ್ರಿ ಒಂಟಿಯಾಗಿರಬಾರದೆಂದೂ ನಿದ್ದೆಗೆಡಬಾರದೆಂದೂ ಸರ್ಕಾರಿ ಆಸ್ಪತ್ರೆಯ ವೈದ್ಯರು ಲಿಖಿತವಾಗಿ ಸೂಚಿಸಿದ್ದಾರೆ. ಮತದಾನದ ಹಿಂದಿನ ರಾತ್ರಿ ಮತಗಟ್ಟೆಯಲ್ಲಿ ತಂಗುವುದೂ ಮತದಾನದ ದಿನ ಎಡೆಬಿಡದೆ ಕರ್ತವ್ಯದಲ್ಲಿರುವುದೂ ಅನಿವಾರ್ಯವಾದ್ದರಿಂದ ಈ ಸೂಚನೆಗಳನ್ನು ಪಾಲಿಸಲು ಸಾಧ್ಯವಾಗದು. ಕರ್ತವ್ಯದ ನಡುವೆ ಎಚ್ಚರ ತಪ್ಪಿದಲ್ಲಿ ಮತದಾನ ಪ್ರಕ್ರಿಯೆಗೂ ಅಡಚಣೆಯಾದೀತು.

4. ಆದ್ದರಿಂದ ನನ್ನನ್ನು ಮತಗಟ್ಟೆಯ ಕರ್ತವ್ಯದಿಂದ ಬಿಡುಗಡೆಗೊಳಿಸಬೇಕಾಗಿ ವಿನಂತಿಸುತ್ತೇನೆ. ಹಗಲು ವೇಳೆಯಲ್ಲಿ ಕುಳಿತು ಮಾಡುವ ಯಾವುದೇ ಚುನಾವಣಾ ಕೆಲಸವನ್ನು ವಹಿಸಿದರೆ ನಿರ್ವಹಿಸಲು ಸಿದ್ಧನಿದ್ದೇನೆ. ವೈದ್ಯಕೀಯ ತಪಾಸಣೆಗೆ ಕರೆದರೆ ಹಾಜರಾಗುತ್ತೇನೆ.

5. ಈ ಅರ್ಜಿಯ ಮೇಲೆ ಆದೇಶವಾಗುವವರೆಗೆ ನಿಗದಿತ ತರಬೇತಿಗೆ ಹಾಜರಾಗುತ್ತೇನೆ.

ತಮ್ಮ ವಿಶ್ವಾಸಿ,
(ರುಜು)

ಲಗತ್ತು: ನೇಮಕಾತಿ ಆದೇಶದ ಪ್ರತಿ, ವೈದ್ಯಕೀಯ ಪ್ರಮಾಣಪತ್ರ, ಆಸ್ಪತ್ರೆಯ ಎರಡು ಬಿಡುಗಡೆ ಪತ್ರಗಳ ಪ್ರತಿ, ಗುರುತಿನ ಚೀಟಿಯ ಪ್ರತಿ

ಇಷ್ಟೇ. ವಿಶೇಷಣವಿಲ್ಲ, ಸಂಸಾರದ ಗೋಳಿಲ್ಲ, ಹಿಂದಿನ ಸೇವೆಯ ಬಡಾಯಿಯಿಲ್ಲ. ಆದರೂ ಒಂದೊಂದು ಭಾಗಕ್ಕೂ ಒಂದು ಕೆಲಸವಿದೆ.

‘ಇವರಿಗೆ’ ಎಂಬಲ್ಲಿ ಹುದ್ದೆಯನ್ನು ಬರೆಯಬೇಕು, ವ್ಯಕ್ತಿಯನ್ನಲ್ಲ. ಜಿಲ್ಲಾ ಚುನಾವಣಾಧಿಕಾರಿಯೆಂದರೆ ಜಿಲ್ಲಾಧಿಕಾರಿಯೇ ಎಂದು ನಾವು ರೂಢಿಯಿಂದ ತಿಳಿದಿರುತ್ತೇವೆ. ಆದರೆ ಆ ಚುನಾವಣೆಯಲ್ಲಿ ಮುಂಬಯಿಯ ಜಿಲ್ಲಾ ಚುನಾವಣಾಧಿಕಾರಿಯಾಗಿದ್ದವರು ಮಹಾನಗರಪಾಲಿಕೆಯ ಆಯುಕ್ತರು. ರೂಢಿಯಂತೆ ಕೋಟೆಯ ಹಳೆಯ ಕಸ್ಟಮ್ ಹೌಸಿಗೋ ಬಾಂದ್ರಾ ಪೂರ್ವದ ಜಿಲ್ಲಾಧಿಕಾರಿ ಕಛೇರಿಗೋ ವಿಳಾಸ ಬರೆದರೆ ಕಾಗದ ತಲುಪೀತು, ಆದರೆ ಸುತ್ತುದಾರಿಯಲ್ಲಿ. ಆದೇಶದ ತಲೆಯಲ್ಲಿ ಯಾವ ಕಛೇರಿಯಿದೆಯೋ, ಕೆಳಗೆ ಯಾವ ಹುದ್ದೆಯವರ ರುಜು ಇದೆಯೋ ಅದೇ ವಿಳಾಸ. ಪಾಲಿಕೆಯ ಚುನಾವಣೆಗೆ ಈ ಪತ್ರವನ್ನು ನಕಲು ಮಾಡಬಾರದು. ಅದು ರಾಜ್ಯ ಚುನಾವಣಾ ಆಯೋಗದ ಕೆಲಸ, ಅಧಿಕಾರಿಗಳೂ ಕಾನೂನೂ ಬೇರೆ.

ಉಲ್ಲೇಖದ ಸಾಲಿನ ಆದೇಶ ಸಂಖ್ಯೆ ಇಡೀ ಪತ್ರದ ಕಣ್ಣು. ಸಾವಿರಾರು ಹೆಸರುಗಳಿರುವ ಗಣಕಯಂತ್ರದಲ್ಲಿ ನಿಮ್ಮನ್ನು ಹುಡುಕುವುದು ಆ ಸಂಖ್ಯೆಯಿಂದ. ಅದಿಲ್ಲದಿದ್ದರೆ ವಿನಾಯಿತಿಗೆ ಮೇಲಧಿಕಾರಿ ಒಪ್ಪಿದರೂ ಪಟ್ಟಿಯಿಂದ ಹೆಸರು ತೆಗೆಯುವವನಿಗೆ ನೀವು ಸಿಗುವುದಿಲ್ಲ. ಮುಂದಿನ ಸುತ್ತಿನಲ್ಲಿ ನಿಮ್ಮ ಹೆಸರು ಮತ್ತೆ ಬರುತ್ತದೆ.

ಮೂರನೆಯ ಕಂಡಿಕೆಯೇ ನಾನು ಮೊದಲು ಹೇಳಿದ ಆ ಅಪರೂಪದ ವಾಕ್ಯ. ವೈದ್ಯರ ಮಾತು ಒಂದು ಕಡೆ, ಕರ್ತವ್ಯದ ಸ್ವರೂಪ ಇನ್ನೊಂದು ಕಡೆ, ನಡುವೆ ‘ಆದ್ದರಿಂದ’. ಎರಡನೆಯ ಕಂಡಿಕೆಯನ್ನು ಯಾರೂ ಬರೆದಾರು. ಮೂರನೆಯದನ್ನು ಬರೆಯಲು ತನ್ನ ಕಾಯಿಲೆಯನ್ನೂ ತನ್ನ ಕೆಲಸವನ್ನೂ ಬಲ್ಲವನೇ ಬೇಕು.

ಐದನೆಯ ಕಂಡಿಕೆಯ ಬಗ್ಗೆ ನಮ್ಮವರು ಜಗ್ಗಾಡಿದರು. ಬಿಡುಗಡೆ ಕೇಳುತ್ತಿರುವಾಗ ತರಬೇತಿಗೇಕೆ ಹೋಗಬೇಕು? ಏಕೆಂದರೆ ಅರ್ಜಿ ಕೊಟ್ಟ ಮಾತ್ರಕ್ಕೆ ಆದೇಶ ರದ್ದಾಗುವುದಿಲ್ಲ. ಉತ್ತರ ಬಾರದಿರುವುದನ್ನು ಒಪ್ಪಿಗೆಯೆಂದು ತಿಳಿಯುವಂತಿಲ್ಲ. ತರಬೇತಿಗೆ ಗೈರುಹಾಜರಾದ ಮರುಗಳಿಗೆ ನೀವು ಕಾಯಿಲೆಯವರಾಗಿ ಉಳಿಯುವುದಿಲ್ಲ, ತಪ್ಪಿಸಿಕೊಂಡವರ ಪಟ್ಟಿ ಸೇರುತ್ತೀರಿ. ಚುನಾವಣೆ ಘೋಷಣೆಯಾದ ಮೇಲೆ ವೈದ್ಯಕೀಯ ರಜೆ ಹಾಕಿ ಊರಿಗೆ ಹೋಗುವವರ ಕಥೆಯೂ ಇದೇ.

ಕಛೇರಿ ಮುಖ್ಯಸ್ಥರು ಅರ್ಜಿಯ ಕೆಳಗೆ ಎರಡು ಸಾಲು ಬರೆದರು: ಆಸ್ಪತ್ರೆ ವಾಸದ ಅವಧಿಯ ರಜೆ ಕಛೇರಿಯ ದಾಖಲೆಗೆ ತಾಳೆಯಾಗುತ್ತದೆ, ಪರಿಗಣನೆಗಾಗಿ ಕಳುಹಿಸಿದೆ. ಶಿಫಾರಸಿಗಿಂತ ಆ ತಾಳೆಯ ಮಾತು ದೊಡ್ಡದು. ಜಾವಕ ಸಂಖ್ಯೆ ಬಿತ್ತು. ಅದನ್ನು ಟಪಾಲಿಗೆ ಬಿಡದೆ ಖುದ್ದಾಗಿ ಒಯ್ದು ಎರಡನೆಯ ಪ್ರತಿಯ ಮೇಲೆ ಆವಕ ವಿಭಾಗದ ಮೊಹರು ಹಾಕಿಸಿಕೊಂಡು ಬಂದರು. ಮೊಹರಿರುವ ಆ ಪ್ರತಿಯೇ, ಸಂದರ್ಭ ಬಿದ್ದರೆ, ‘ಸಕಾರಣ’ಕ್ಕೆ ಪುರಾವೆ.

ನವೆಂಬರ್ ಮೊದಲ ವಾರ ಕಳೆದರೂ ಉತ್ತರವಿಲ್ಲ. ಅವರು ತರಬೇತಿಗೆ ಹೋದರು, ಮತಯಂತ್ರ ಜೋಡಿಸುವುದನ್ನು ಆರನೆಯ ಸಲ ಕಲಿತರು, ಹಾಜರಿ ಹಾಕಿ ಬಂದರು. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ. ಆಮೇಲೆ ವೈದ್ಯಕೀಯ ತಪಾಸಣೆಗೆ ಕರೆ ಬಂತು. ಸಾಲಿನಲ್ಲಿ ಐವತ್ತು-ಅರವತ್ತು ಮಂದಿ. ತಪಾಸಣೆಯ ವೈದ್ಯರು ಕೇಸ್ ಪೇಪರಿನ ದಿನಾಂಕಗಳನ್ನು ಮಾತ್ರ ನೋಡಿದರಂತೆ: ಚುನಾವಣೆಯ ಘೋಷಣೆಗೆ ಮುಂಚಿನವೋ, ನಂತರದವೋ? ಇವರ ಎರಡೂ ಆಸ್ಪತ್ರೆ ವಾಸ ಘೋಷಣೆಗೆ ಮುಂಚಿನವು. ಅವರ ಮುಂದಿದ್ದವರೊಬ್ಬರ ಪ್ರಮಾಣಪತ್ರ, ರಕ್ತ ಪರೀಕ್ಷೆ ಎಲ್ಲವೂ ನೇಮಕಾತಿ ಆದೇಶದ ಮರುದಿನದ್ದು. ಅವರನ್ನು ಮರು ಮಾತಿಲ್ಲದೆ ಕಳಿಸಿದರಂತೆ. ಅವರದು ಸುಳ್ಳೆಂದು ಹೇಳಲಾರೆ, ನಿಜವೇ ಇದ್ದಿರಬಹುದು. ಚುನಾವಣೆ ಬಂದಾಗ ಮಾತ್ರ ಆಸ್ಪತ್ರೆಯ ಮೆಟ್ಟಿಲು ಹತ್ತುವ ನಮ್ಮ ಅಭ್ಯಾಸ ನಿಜವನ್ನೂ ಸುಳ್ಳಿನಂತೆ ಕಾಣಿಸುತ್ತದೆ.

ಮತದಾನಕ್ಕೆ ಒಂದು ವಾರವಿರುವಾಗ ಆದೇಶ ಬಂತು. ಅಧ್ಯಕ್ಷಾಧಿಕಾರಿಯ ಕರ್ತವ್ಯ ರದ್ದು. ಬದಲಿಗೆ ಒಂದು ಕ್ಷೇತ್ರದ ಚುನಾವಣಾಧಿಕಾರಿಯ ಕಛೇರಿಯಲ್ಲಿ ಅಂಚೆ ಮತಪತ್ರದ ಅರ್ಜಿಗಳನ್ನು ಪರಿಶೀಲಿಸುವ ಹಗಲಿನ ಕೆಲಸ. ನಾಲ್ಕನೆಯ ಕಂಡಿಕೆಯನ್ನು ಯಾರೋ ಓದಿದ್ದರು! ಅಷ್ಟಕ್ಕೇ ನನಗೆ ಹಿತವೆನಿಸಿತು.

ಆದರೆ ನಮ್ಮವರ ಮುಖದಲ್ಲಿ ಗೆಲುವಿರಲಿಲ್ಲ. “ನನ್ನ ಜಾಗಾಕ್ಕ ಇನ್ನೊಬ್ಬ ಹೋಗ್ತಾನಲ್ಲ ಸರ್,” ಎಂದರು. ಹೋಗುತ್ತಾನೆ, ನಿಜ. ಮೀಸಲು ಸಿಬ್ಬಂದಿಯೆಂದು ಒಂದಷ್ಟು ಮಂದಿಯನ್ನು ಮೊದಲೇ ಹೆಚ್ಚಾಗಿ ನೇಮಿಸಿರುತ್ತಾರೆ. ಬಿಟ್ಟುಹೋದ ಜಾಗ ತುಂಬುವುದು ಅವರಿಂದ. ಹಾಗೆಂದು ನನ್ನ ಸಹೋದ್ಯೋಗಿಯ ಅಳುಕು ಅರ್ಥವಿಲ್ಲದ್ದಲ್ಲ. ಒಬ್ಬನ ವಿನಾಯಿತಿ ಇನ್ನೊಬ್ಬನ ಆದೇಶ. ಸುಳ್ಳು ಪ್ರಮಾಣಪತ್ರ ತಂದು ತಪ್ಪಿಸಿಕೊಳ್ಳುವವನು ಮೋಸ ಮಾಡುವುದು ಆಯೋಗಕ್ಕೆಂದು ತಿಳಿದಿರುತ್ತಾನೆ. ಅವನ ಭಾರ ಹೊರುವವನು ಯಾವುದೋ ಶಾಲೆಯ ಗುಮಾಸ್ತನೋ ಪಾಲಿಕೆಯ ಕಿರಿಯ ಸಹಾಯಕನೋ ಆಗಿರುತ್ತಾನೆ. ಅವನಿಗೂ ಸಕ್ಕರೆ ಕಾಯಿಲೆಯಿದ್ದೀತು. ಸುಳ್ಳರ್ಜಿಗಳ ರಾಶಿ ಬೆಳೆದಷ್ಟೂ ಓದುವ ಕಣ್ಣು ಗಡುಸಾಗುತ್ತದೆ, ಆ ರಾಶಿಯ ಅಡಿಯಲ್ಲಿ ನಿಜವಾದ ಅರ್ಜಿ ಹೂತುಹೋಗುತ್ತದೆ.

ಹೂತುಹೋದರೆ ಏನಾಗುತ್ತದೆ ಎಂಬುದನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಅದೇ ವರ್ಷದ ಲೋಕಸಭಾ ಚುನಾವಣೆಯ ಕೊನೆಯ ಹಂತದಲ್ಲಿ, ಜೂನ್ 1ರ ಸುತ್ತಿನ ಬಿಸಿಗಾಳಿಯಲ್ಲಿ, ಉತ್ತರ ಪ್ರದೇಶದಲ್ಲಿ ಮೂವತ್ತಕ್ಕೂ ಹೆಚ್ಚು ಚುನಾವಣಾ ಸಿಬ್ಬಂದಿ ತೀರಿಕೊಂಡರೆಂದು ಆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯೇ ಹೇಳಿದ್ದರು. ಅವರಲ್ಲಿ ಯಾರಿಗೆ ಯಾವ ಕಾಯಿಲೆಯಿತ್ತು, ಯಾರು ಅರ್ಜಿ ಬರೆದಿದ್ದರು ಎಂಬುದು ಸುದ್ದಿಯಲ್ಲಿ ಬರುವಂಥದಲ್ಲ. ಬಿಸಿಲು ಎಲ್ಲರಿಗೂ ಒಂದೇ. ಅದನ್ನು ತಾಳುವ ದೇಹ ಒಂದೇ ಅಲ್ಲ. ಮುಂಬಯಿಯಲ್ಲಿ ಆ ವರ್ಷ ಮೇ 20ರಂದು ಮತದಾನ ನಡೆದಾಗ ಬೆವರಿಳಿಸಿಕೊಂಡು ಸಾಲಿನಲ್ಲಿ ನಿಂತ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ನಿಂತದ್ದು ಒಂದೆರಡು ಗಂಟೆ. ಮೇಜಿನ ಆಚೆ ಕುಳಿತವರು ಹಿಂದಿನ ದಿನದಿಂದ ಅಲ್ಲಿದ್ದವರು.

ಅರ್ಜಿಯ ನಮೂನೆಯೆಂದರೆ ನಮ್ಮಲ್ಲಿ ಒಂದು ತಾತ್ಸಾರವಿದೆ. ಸಾಹಿತ್ಯ ಬಲ್ಲವರಿಗಂತೂ ವಿಷಯ, ಉಲ್ಲೇಖ, ಮಾನ್ಯರೇ, ತಮ್ಮ ವಿಶ್ವಾಸಿ ಎಂಬ ಸಾಲುಗಳು ಜೀವವಿಲ್ಲದ ಒಣಕಟ್ಟಿಗೆ. ಆದರೆ ಒಬ್ಬ ಮನುಷ್ಯ ತನ್ನ ದೇಹದ ಗುಟ್ಟನ್ನು ಅಪರಿಚಿತ ಅಧಿಕಾರಿಯ ಮುಂದೆ ಬಿಚ್ಚಬೇಕಾದಾಗ ಆ ಒಣಕಟ್ಟಿಗೆಯೇ ಅವನ ಮಾನ ಕಾಯುತ್ತದೆ. ಅಳದೆ, ಅಂಗಲಾಚದೆ, ಕಾಲು ಹಿಡಿಯದೆ, ಒಂದರಿಂದ ಐದರವರೆಗೆ ಅಂಕಿ ಹಾಕಿ ಹೇಳಬಹುದು. ಪರಿಚಯವಿದ್ದವನಿಗೂ ಇಲ್ಲದವನಿಗೂ ಅದೇ ನಮೂನೆ. ಮಂತ್ರಾಲಯದಲ್ಲಿ ಯಾರನ್ನೋ ಬಲ್ಲೆನೆಂದು ಫೋನು ಮಾಡಿಸಿದವರ ಹೆಸರು ಪಟ್ಟಿಯಲ್ಲೇ ಉಳಿದದ್ದನ್ನೂ ಆ ಸಲ ಕಂಡೆವು.

ನಮ್ಮ ಸಹೋದ್ಯೋಗಿಗೆ ಮರುವರ್ಷ ಬಡ್ತಿ ಸಿಕ್ಕಿತು. ಕಡತದಲ್ಲಿದ್ದ ಆ ಪತ್ರ ಅದಕ್ಕೆ ಅಡ್ಡ ಬರಲಿಲ್ಲ. ವೈದ್ಯರು ಇನ್ಸುಲಿನ್ನಿನ ಅಳತೆಯನ್ನು ಬದಲಿಸಿದ ಮೇಲೆ ಸಕ್ಕರೆ ಇಳಿಯುವುದೂ ಹತೋಟಿಗೆ ಬಂದಿದೆಯಂತೆ. ಇನ್ನೊಂದು ಚುನಾವಣೆಯ ಆದೇಶ ಬಂದರೆ ಹಳೆಯ ಅರ್ಜಿಯ ದಿನಾಂಕ ತಿದ್ದಿ ಕೊಡುತ್ತೀರಾ ಎಂದು ಕೇಳಿದೆ. “ಇಲ್ರೀ ಸರ್,” ಎಂದರು. “ಆಗಿಂದು ಆಗ ಖರೇ ಇತ್ತು. ಈಗ ಮೊದಲ ಡಾಕ್ಟರಗ ತೋರಿಸ್ತೀನಿ. ಹೋಗಬಹುದು ಅಂದ್ರ ಹೋಗೂದು.”

ಪ್ರಮಾಣಪತ್ರದಲ್ಲಿ ‘ಮೂರು ತಿಂಗಳ ಬಳಿಕ ಮರುಪರೀಕ್ಷೆ’ ಎಂಬ ಸಾಲಿತ್ತಲ್ಲ, ಅದನ್ನು ಅವರು ಮರೆತಿರಲಿಲ್ಲ.